ಮೈಮೇಲಿನ ಕೆಂಪು ಚುಕ್ಕೆ ಲಿವರ್ ಕಾಯಿಲೆಯ ಗುರುತೇ? ಫೋಟೊ ನೋಡಿ ಹೇಳಬಹುದೇ?

ಎದೆ ಅಥವಾ ಹೊಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ. ಅದರ ಫೋಟೊ ಕೆಳಗೆ ಒಂದು ಸಾಲು: ‘ನಿಮ್ಮ ಮೈಮೇಲೂ ಇಂಥ ಚುಕ್ಕೆ ಇದ್ದರೆ ಲಿವರ್ ಹಾಳಾಗುತ್ತಿದೆ ಎಂದರ್ಥ. ನಿಮ್ಮವರಿಗೆಲ್ಲ ಕಳಿಸಿ.’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಲಿವರ್ ಬದಲು ಕ್ಯಾನ್ಸರ್ ಎಂದಿರುತ್ತದೆ.

ನಮ್ಮ ಬಳಗದ ಒಬ್ಬರ ಮನೆಯಲ್ಲೂ ಹೀಗೇ ಆಯಿತು. ಅವರ ಸೋದರತ್ತೆಗೆ 58 ವರ್ಷ. ಬೆನ್ನಿನ ಮೇಲೆ ಏನೋ ಕೈಗೆ ತಾಗುತ್ತದೆ ಎಂದು ಸೊಸೆಯ ಕೈಲಿ ರಾತ್ರಿ ಫೋಟೊ ತೆಗೆಸಿದರು. ಫೋಟೊದಲ್ಲಿ ಕಂಡದ್ದು ಕಪ್ಪಗೆ ಹೊಳೆಯುವ ಗುಂಡು ಗಂಟು. ಅದು ಗ್ರೂಪಿಗೆ ಹೋಯಿತು. ಒಬ್ಬರು ಕ್ಯಾನ್ಸರ್ ಮಚ್ಚೆ ಎಂದರು, ಇನ್ನೊಬ್ಬರು ಸುಣ್ಣ ಹಚ್ಚಿ ಎಂದರು. ಅತ್ತೆ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಪಕ್ಕ ನಿಲ್ಲಿಸಿ ನೋಡಿದಾಗ ಆ ‘ಕಪ್ಪು ಗಂಟು’ ದಾಳಿಂಬೆ ಕಾಳಿನ ಬಣ್ಣದ, ಮೂರು ಮಿಲಿಮೀಟರ್ ಅಗಲದ ಚುಕ್ಕೆಯಾಗಿತ್ತು. ಚರ್ಮ ವೈದ್ಯರು ಡರ್ಮೋಸ್ಕೋಪ್ ಎಂಬ, ದೀಪವಿರುವ ಭೂತಗನ್ನಡಿಯಲ್ಲಿ ನೋಡಿ ‘ಚೆರ್ರಿ ಆಂಜಿಯೋಮಾ, ಏನೂ ಮಾಡಬೇಕಿಲ್ಲ’ ಎಂದು ಕಳಿಸಿದರು.

ಹಾಗಾದರೆ ಫೋಟೊದಲ್ಲಿ ಅದು ಕಪ್ಪಾಗಿದ್ದೇಕೆ? ಮತ್ತು ಲಿವರ್‌ನ ಮಾತು ಎಲ್ಲಿಂದ ಬಂತು?

ಕೆಂಪು ಚುಕ್ಕೆ ಎಂದರೇನು?

ಚೆರ್ರಿ ಆಂಜಿಯೋಮಾ ಎಂದರೆ ಚರ್ಮದ ಮೇಲ್ಪದರದ ಕೆಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹಿಗ್ಗಿ, ಒಂದೆಡೆ ಗುಂಪುಗೂಡಿರುವುದು. ಕಾಣುವ ಕೆಂಪು, ಅವುಗಳೊಳಗಿನ ರಕ್ತದ ಬಣ್ಣ. ಸಾಮಾನ್ಯವಾಗಿ 30 ದಾಟಿದ ಮೇಲೆ ಎದೆ, ಹೊಟ್ಟೆ, ಬೆನ್ನು, ತೋಳುಗಳಲ್ಲಿ ಮೂಡಿ, ವಯಸ್ಸಾದಂತೆ ಹೆಚ್ಚುತ್ತವೆ. ಸೂಜಿಮೊನೆಯಷ್ಟರಿಂದ ಐದಾರು ಮಿಲಿಮೀಟರ್‌ವರೆಗೆ ಇರುತ್ತವೆ. ನೋವಿಲ್ಲ, ತುರಿಕೆಯಿಲ್ಲ. ಉಗುರು ತಾಗಿ ಕಿತ್ತರೆ ಮಾತ್ರ ರಕ್ತ ಬರುತ್ತದೆ.

ಕ್ಯಾನ್ಸರ್ ಎಂಬ ಗುಮಾನಿ ವಾಟ್ಸ್‌ಆ್ಯಪ್‌ಗಿಂತ ಬಹಳ ಹಳೆಯದು. ಈ ಚುಕ್ಕೆಗಳಿಗೆ ವೈದ್ಯರ ಪುಸ್ತಕಗಳಲ್ಲಿ ಕ್ಯಾಂಪ್‌ಬೆಲ್ ಡಿ ಮಾರ್ಗನ್ ಚುಕ್ಕೆ ಎಂಬ ಹೆಸರೂ ಇದೆ. ಆತ 19ನೇ ಶತಮಾನದ ಇಂಗ್ಲೆಂಡಿನ ಸರ್ಜನ್. ತನ್ನ ಕ್ಯಾನ್ಸರ್ ರೋಗಿಗಳ ಮೈಮೇಲೆ ಇವನ್ನು ಕಂಡು, ಎರಡಕ್ಕೂ ನಂಟಿರಬಹುದು ಎಂದುಕೊಂಡಿದ್ದ. ಆದರೆ ಆ ವಯಸ್ಸಿನ ಆರೋಗ್ಯವಂತರಲ್ಲೂ ಇವು ಅಷ್ಟೇ ಸಾಮಾನ್ಯ. ನಂಟು ನಿಲ್ಲಲಿಲ್ಲ, ಹೆಸರು ಮಾತ್ರ ಉಳಿಯಿತು.

ಲಿವರ್‌ನ ಮಾತಿಗೆ ಕಾರಣ ಬೇರೊಂದು ಚುಕ್ಕೆ. ಅದರ ಹೆಸರು ಸ್ಪೈಡರ್ ಆಂಜಿಯೋಮಾ. ನಡುವೆ ಒಂದು ಕೆಂಪು ಬಿಂದು, ಅದರಿಂದ ಜೇಡದ ಕಾಲುಗಳಂತೆ ಹೊರಟ ಸಣ್ಣ ಕೆಂಪು ಗೆರೆಗಳು. ಮುಖ, ಕತ್ತು, ಎದೆಯ ಮೇಲ್ಭಾಗದಲ್ಲಿ ಹೆಚ್ಚು. ಲಿವರ್ ಕಾಯಿಲೆಯಲ್ಲಿ ಇವು ಹಲವಾರು ಒಟ್ಟಿಗೆ ಕಾಣಿಸಿಕೊಳ್ಳುವುದುಂಟು. ಗರ್ಭಿಣಿಯರಲ್ಲಿ, ಆರೋಗ್ಯವಾಗಿರುವ ಮಕ್ಕಳಲ್ಲೂ ಒಂದೆರಡು ಕಾಣುತ್ತವೆ. ಸ್ಪೈಡರ್‌ನ ಮಾಹಿತಿಗೆ ಚೆರ್ರಿಯ ಫೋಟೊ ಅಂಟಿಸಿದರೆ ಈ ಫಾರ್ವರ್ಡ್ ಸಿದ್ಧ.

ಎರಡನ್ನೂ ಬೇರೆ ಮಾಡಲು ಒಂದು ಗಾಜಿನ ಲೋಟ ಸಾಕು. ಲೋಟದ ಪಾರದರ್ಶಕ ಬದಿಯಿಂದ ಚುಕ್ಕೆಯನ್ನು ಒತ್ತಿ ನೋಡಿ. ಸ್ಪೈಡರ್ ಆದರೆ ಗೆರೆಗಳೆಲ್ಲ ಮಾಯವಾಗಿ, ಬಿಟ್ಟ ಕೂಡಲೇ ನಡುವಿನಿಂದ ಹೊರಕ್ಕೆ ರಕ್ತ ತುಂಬಿಕೊಳ್ಳುತ್ತದೆ. ಚೆರ್ರಿ ಸ್ವಲ್ಪ ಮಸುಕಾಗಬಹುದು, ಆದರೆ ಸಾಮಾನ್ಯವಾಗಿ ಪೂರ್ತಿ ಮಾಯವಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಜ್ವರದ ಜೊತೆ ಒಂದೆರಡು ದಿನದಲ್ಲಿ ಸೂಜಿಯಿಂದ ಚುಚ್ಚಿದಂಥ, ಉಬ್ಬಿಲ್ಲದ ಕೆಂಪು ಚುಕ್ಕೆಗಳು ಹಲವಾರು ಎದ್ದು, ಒತ್ತಿದರೂ ಮಾಸದಿದ್ದರೆ ಅದು ಚೆರ್ರಿ ಅಲ್ಲ. ಚರ್ಮದೊಳಗೆ ರಕ್ತ ಜಿನುಗಿದ ಗುರುತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಫೋಟೊದಲ್ಲಿ ಬಣ್ಣ ಬದಲಾಗುವುದೇಕೆ?

ಫೋನ್ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಲೆಕ್ಕ ಹಾಕಿ ತಾನೇ ಹೊಂದಿಸಿಕೊಳ್ಳುತ್ತದೆ. ಚರ್ಮದ ಸುತ್ತ ಬಿಳಿ ಬನಿಯನ್ ಅಥವಾ ಬಿಳಿ ಬೆಡ್‌ಶೀಟ್ ಇದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದು ತಿಳಿದು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಮೊದಲೇ ಗಾಢವಾಗಿರುವ ಕೆಂಪು ಚುಕ್ಕೆ ಆಗ ಕಪ್ಪಿಗೆ ತಿರುಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ ಇರುವುದರಿಂದ ಕೆಂಪು ವಸ್ತು ಕಂದಾಗಿ ಕಾಣುತ್ತದೆ. ನಮ್ಮ ಗೋಧಿ ಅಥವಾ ಕಪ್ಪು ಮೈಬಣ್ಣದ ಮೇಲೆ ಚೆರ್ರಿ ಹೇಗೂ ನೇರಳೆ ಛಾಯೆಗೆ ವಾಲಿರುತ್ತದೆ. ಇವೆಲ್ಲ ಸೇರಿದಾಗ ಕೆಂಪು ಚುಕ್ಕೆ ಕಪ್ಪು ಮಚ್ಚೆಯಾಗುತ್ತದೆ. ಫ್ಲ್ಯಾಶ್ ಹಾಕಿದರೆ ಅದರ ನೆತ್ತಿಯಲ್ಲಿ ಬಿಳಿ ಹೊಳಪು ಬಿದ್ದು ಇನ್ನಷ್ಟು ಭಯಂಕರವಾಗಿ ಕಾಣುತ್ತದೆ. ಅತ್ತೆಯ ಫೋಟೊದಲ್ಲಿ ಆಗಿದ್ದು ಇದೇ: ರಾತ್ರಿ, ಬಲ್ಬು, ಫ್ಲ್ಯಾಶ್, ಬಿಳಿ ರವಿಕೆ.

ಕೈಗೆ ತಿಳಿಯುವುದು ಕ್ಯಾಮೆರಾಗೆ ತಿಳಿಯದು

ಬಣ್ಣ ಸರಿಯಾಗಿದ್ದರೂ ಫೋಟೊ ಸ್ಪರ್ಶವನ್ನು ತೋರಿಸಲಾರದು. ಡರ್ಮಟೋಫೈಬ್ರೋಮಾ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಹೆಚ್ಚಾಗಿ ಮೊಣಕಾಲಿನ ಕೆಳಗೆ ಕಾಣುವ, ಕಂದು ಬಣ್ಣದ, ಬಟಾಣಿಗಿಂತ ಚಿಕ್ಕ ಗಂಟು. ಹುಳ ಕಡಿದ ಅಥವಾ ಮುಳ್ಳು ಚುಚ್ಚಿದ ಜಾಗದಲ್ಲಿ ಎದ್ದದ್ದು ಎಂದು ಹಲವರು ನೆನಪಿಸಿಕೊಳ್ಳುತ್ತಾರೆ. ಒಳಗೆ ನಾರಿನಂಥ ಅಂಗಾಂಶ ಗಟ್ಟಿಯಾಗಿರುತ್ತದೆ. ಫೋಟೊದಲ್ಲಿ ಮಚ್ಚೆಯಂತೆಯೇ ಕಾಣುತ್ತದೆ. ಆದರೆ ಎರಡು ಬೆರಳಿನಲ್ಲಿ ಬದಿಗಳಿಂದ ಮೆಲ್ಲಗೆ ಹಿಂಡಿದರೆ ಸಾಮಾನ್ಯವಾಗಿ ಅದು ಮೇಲೇಳದೆ ಗುಳಿಬಿದ್ದ ಕೆನ್ನೆಯಂತೆ ಒಳಕ್ಕೆ ಇಳಿಯುತ್ತದೆ. ಈ ಗುಳಿ ವೈದ್ಯರಿಗೆ ದೊಡ್ಡ ಸುಳಿವು.

ಲಿಪೋಮಾ, ಅಂದರೆ ಕೊಬ್ಬಿನ ಗಂಟು, ಇನ್ನೂ ಮುಂದೆ. ಅದರ ಮೇಲಿನ ಚರ್ಮ ಮಾಮೂಲಿಯಾಗೇ ಇರುವುದರಿಂದ ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಫೋಟೊದಲ್ಲಿ ಏನೂ ಕಾಣುವುದೇ ಇಲ್ಲ. ಬದಿಯಿಂದ ಬೆಳಕು ಬಿದ್ದಾಗ ನೆರಳಿನಿಂದ ಮಾತ್ರ ಉಬ್ಬು ಗೊತ್ತಾಗುತ್ತದೆ. ಮುಟ್ಟಿದರೆ ಮೆತ್ತಗೆ, ನಾದಿದ ಹಿಟ್ಟಿನಂತೆ, ಬೆರಳಿನಡಿ ಜಾರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಗಟ್ಟಿಯಾಗಿದ್ದರೆ, ಅಲುಗದಿದ್ದರೆ, ಬೇಗ ದೊಡ್ಡದಾಗುತ್ತಿದ್ದರೆ, ನೋವಿದ್ದರೆ ಅಥವಾ ಐದು ಸೆಂಟಿಮೀಟರ್ ದಾಟಿದ್ದರೆ ಸ್ಕ್ಯಾನ್ ಮಾಡಿಸಬೇಕು.

ನರುಳ್ಳೆಗೆ ದಾರ ಕಟ್ಟಬಹುದೇ?

ಕತ್ತು, ಕಂಕುಳಲ್ಲಿ ನೇತಾಡುವ ಚರ್ಮದ ತುಣುಕನ್ನು ನಾವು ನರುಳ್ಳೆ ಎನ್ನುತ್ತೇವೆ. ವೈದ್ಯರು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ವೈರಸ್‌ನಿಂದ ಬರುವ, ಮೇಲ್ಮೈ ಒರಟಾದ ಗಂಟಿಗೂ ನಮ್ಮಲ್ಲಿ ಅದೇ ಹೆಸರು, ಆದರೆ ಅದು ಬೇರೆ. ಸ್ಕಿನ್ ಟ್ಯಾಗ್‌ಗೆ ಸಣ್ಣ ತೊಟ್ಟು ಇರುತ್ತದೆ. ಎದುರಿನಿಂದ ತೆಗೆದ ಫೋಟೊದಲ್ಲಿ ತೊಟ್ಟು ಕಾಣದೆ ಅದೂ ಮಚ್ಚೆಯಾಗುತ್ತದೆ. ಬದಿಯಿಂದ ತೆಗೆದರೆ ಗೊತ್ತಾಗುತ್ತದೆ.

ದಾರ ಅಥವಾ ಕೂದಲು ಬಿಗಿದರೆ ರಕ್ತ ನಿಂತು, ಕಪ್ಪಾಗಿ, ಕೆಲವೊಮ್ಮೆ ಉದುರುತ್ತದೆ. ಆ ಕಪ್ಪಾದ ಹಂತದ ಫೋಟೊಗಳೇ ‘ಕ್ಯಾನ್ಸರ್’ ಎಂದು ಹರಿದಾಡುವುದುಂಟು. ಸಮಸ್ಯೆ ಏನೆಂದರೆ, ಬಿಗಿದ ಜಾಗದಲ್ಲಿ ಕೀವಾಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಟ್ಯಾಗ್‌ಗಳೂ ಹೆಚ್ಚು, ಕೀವಿನ ಅಪಾಯವೂ ಹೆಚ್ಚು. ಸುಣ್ಣ ಹಚ್ಚಿದರೆ ಸುತ್ತಲಿನ ಒಳ್ಳೆಯ ಚರ್ಮವೂ ಸುಟ್ಟು ಕಲೆ ಉಳಿಯುತ್ತದೆ. ಒಂದು ವೇಳೆ ಅದು ಟ್ಯಾಗ್ ಅಲ್ಲದೆ ಬೇರೆಯದಾಗಿದ್ದರೆ, ಪರೀಕ್ಷೆಗೆ ಕಳಿಸಬೇಕಾದ ತುಣುಕೇ ಕೈತಪ್ಪುತ್ತದೆ. ಅತ್ತೆ ಗ್ರೂಪಿನ ಮಾತು ಕೇಳಿ ಸುಣ್ಣ ಹಚ್ಚಿದ್ದರೆ ವೈದ್ಯರಿಗೆ ಕಾಣುತ್ತಿದ್ದುದು ಸುಟ್ಟ ಗಾಯ ಮಾತ್ರ.

ಫೋಟೊ ನೋಡಿ ‘ಏನಿಲ್ಲ ಬಿಡಿ’ ಎನ್ನುವುದೂ ತಪ್ಪು

ಹೆದರಿಸುವ ಫಾರ್ವರ್ಡ್ ಎಷ್ಟು ತಪ್ಪೋ, ಫೋಟೊ ನೋಡಿ ಧೈರ್ಯ ಹೇಳುವುದೂ ಅಷ್ಟೇ ತಪ್ಪು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಭಾರತೀಯರಲ್ಲಿ ಅಪರೂಪ. ಆದರೆ ಬಂದಾಗ ಬಹಳಷ್ಟು ಸಲ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಕೆಲವು ಮೆಲನೋಮಾಗಳು ಕಪ್ಪಾಗಿರದೆ ಕೆಂಪು ಗುಳ್ಳೆಯಂತಿದ್ದು, ಫೋಟೊದಲ್ಲಿ ಥೇಟ್ ಆಂಜಿಯೋಮಾದಂತೆ ಕಾಣಬಹುದು. ಆಗ ವ್ಯತ್ಯಾಸ ತಿಳಿಸುವುದು ಕಾಲ. ಚೆರ್ರಿ ವರ್ಷಗಟ್ಟಲೆ ಹಾಗೇ ಇರುತ್ತದೆ. ವಾರಗಳಲ್ಲಿ ಬೆಳೆಯುವ, ಬಣ್ಣ ಅಥವಾ ಅಂಚು ಬದಲಾಗುವ, ಕೆರೆಯದೆಯೂ ರಕ್ತ ಬರುವ, ಒಂದು ತಿಂಗಳಾದರೂ ಮಾಯದ ಗಂಟನ್ನು, ಹಾಗೆಯೇ ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಮಚ್ಚೆಯನ್ನು ಚರ್ಮ ವೈದ್ಯರಿಗೆ ತೋರಿಸಲೇಬೇಕು.

ಫೋಟೊ ಕಳಿಸುವುದೇ ಆದರೆ ಗ್ರೂಪಿಗಲ್ಲ, ವೈದ್ಯರಿಗೆ ಕಳಿಸಿ. ಹಗಲಿನಲ್ಲಿ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಮತ್ತು ಬ್ಯೂಟಿ ಫಿಲ್ಟರ್ ಆಫ್ ಮಾಡಿ ತೆಗೆಯಿರಿ. ಮೊದಲು ದೂರದಿಂದ ಒಂದು, ಮೈಯ ಯಾವ ಭಾಗ ಎಂದು ತಿಳಿಯುವಂತೆ. ಆಮೇಲೆ ಸುಮಾರು 15 ಸೆಂಟಿಮೀಟರ್ ದೂರದಿಂದ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಇನ್ನೊಂದು. ಸ್ಕೇಲ್ ಇಲ್ಲದಿದ್ದರೆ ಮೂರು ಮಿಲಿಮೀಟರಿನ ಚುಕ್ಕೆಯೂ ಪರದೆ ತುಂಬ ಕಾಣುತ್ತದೆ. ಕೊನೆಗೆ ಬದಿಯಿಂದ ಒಂದು. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೊ ಕುಗ್ಗುವುದಿಲ್ಲ. ಜೊತೆಗೆ ಮೂರು ವಿಷಯ ಬರೆಯಿರಿ: ಯಾವಾಗಿನಿಂದ ಇದೆ, ಬದಲಾಗಿದೆಯೇ, ಮುಟ್ಟಿದರೆ ಮೆತ್ತಗಿದೆಯೋ ಗಟ್ಟಿಯೋ. ಇವು ಫೋಟೊದಲ್ಲಿ ಇರುವುದಿಲ್ಲ.

ಅತ್ತೆಯ ಸೊಸೆ ಹಗಲಿನಲ್ಲಿ, ಸ್ಕೇಲ್ ಇಟ್ಟು ತೆಗೆದ ಫೋಟೊವನ್ನು ದಿನಾಂಕದೊಂದಿಗೆ ಇಟ್ಟುಕೊಂಡಿದ್ದಾರೆ. ಮುಂದಿನ ವರ್ಷ ಚುಕ್ಕೆ ಬದಲಾಗಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಅದು ಸಾಕು. ಕೆಂಪು ಚುಕ್ಕೆ ಕಂಡರೆ ಲಿವರ್ ಹಾಳಾಗಿದೆ ಎನ್ನುವ ಸಂದೇಶವಂತೂ ತಪ್ಪು. ಅದನ್ನು ಮುಂದಕ್ಕೆ ಕಳಿಸಬೇಡಿ.