ಮೂರು ತಂತಿ, 48 ವೋಲ್ಟ್ ಮತ್ತು ಗೇನ್: ಮೊದಲ ಕಂಡೆನ್ಸರ್ ಮೈಕ್ ಕೊಳ್ಳುವವರಿಗೆ

ಕಂಡೆನ್ಸರ್ ಮೈಕಿನ ಜಾಲರಿಯ ಹಿಂದೆ ಲೋಹದ ಲೇಪವಿರುವ ತೆಳುವಾದ ಪೊರೆಯೊಂದು ಬಿಗಿದಿರುತ್ತದೆ. ಅದರ ಬೆನ್ನಿಗೆ, ಕೂದಲೆಳೆ ತೂರುವಷ್ಟೂ ಜಾಗ ಬಿಡದೆ, ಒಂದು ಲೋಹದ ಬಿಲ್ಲೆ. ಇವೆರಡೂ ಸೇರಿ ಒಂದು ಕೆಪ್ಯಾಸಿಟರ್ ಆಗುತ್ತದೆ. ದನಿ ತಾಗಿ ಪೊರೆ ಅಲುಗಿದಾಗ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ವೋಲ್ಟೇಜೂ ಏರಿಳಿಯುತ್ತದೆ. ಆದರೆ ಈ ಸಂಕೇತ ಎಷ್ಟು ದುರ್ಬಲವೆಂದರೆ ಅದನ್ನು ನೇರವಾಗಿ ಕೇಬಲ್ಲಿಗೆ ಬಿಟ್ಟರೆ ಅಲ್ಲೇ ಅಡಗಿಹೋಗುತ್ತದೆ. ಅದಕ್ಕೇ ಮೈಕಿನ ಒಡಲಲ್ಲೇ ಒಂದು ಪುಟ್ಟ ಸರ್ಕ್ಯೂಟ್ ಇಟ್ಟು ಸಂಕೇತಕ್ಕೆ ಕಸುವು ತುಂಬುತ್ತಾರೆ. ವೇದಿಕೆಯ ಮೇಲೆ ಭಾಷಣಕ್ಕೆ ಬಳಸುವ ಡೈನಮಿಕ್ ಮೈಕಿಗೆ ವಿದ್ಯುತ್ ಬೇಡ, ಕಂಡೆನ್ಸರ್ ಮೈಕಿಗೆ ಬೇಕೇಬೇಕು ಎನ್ನುವುದು ಈ ಸರ್ಕ್ಯೂಟಿನ ಕಾರಣಕ್ಕೆ.

ಸಂಕೇತ ಮೈಕಿನಿಂದ ಹೊರಬರುವುದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ. ಒಂದನೇ ಪಿನ್ ಕೇಬಲ್ಲಿನ ಸುತ್ತ ಹೆಣೆದ ತಂತಿಕವಚಕ್ಕೆ, ಅಂದರೆ ಶೀಲ್ಡಿಗೆ ಸೇರಿದ್ದು. ಎರಡು ಮತ್ತು ಮೂರನೇ ಪಿನ್ನುಗಳಿಂದ ಹೊರಟ ಎರಡು ತಂತಿಗಳು ಒಂದಕ್ಕೊಂದು ಹೆಣೆದುಕೊಂಡು ಕವಚದೊಳಗೆ ಸಾಗುತ್ತವೆ. ಇಂಟರ್‌ಫೇಸ್ ಈ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಸಂಕೇತವೆಂದು ಎಣಿಸುತ್ತದೆ. ಹತ್ತಿರದ ಮನೆಯ ವೈರಿಂಗು, ಫ್ಯಾನಿನ ರೆಗ್ಯುಲೇಟರು ಹುಟ್ಟಿಸುವ ಗುಂಯ್ ಎಂಬ ಸದ್ದು ಎರಡೂ ತಂತಿಗಳಿಗೆ ಸಮನಾಗಿ ಅಂಟುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಅಷ್ಟಷ್ಟೇ ತೂಕ ಬಿದ್ದಾಗ ಮುಳ್ಳು ಅಲುಗದಂತೆ, ಆ ಸದ್ದು ಲೆಕ್ಕಕ್ಕೆ ಬರುವುದಿಲ್ಲ. ಇದೇ ಬ್ಯಾಲೆನ್ಸ್ಡ್ ಕೇಬಲ್.

ಒಂದು ತಂತಿಯಲ್ಲಿ ನೇರ ಸಂಕೇತ, ಇನ್ನೊಂದರಲ್ಲಿ ಅದರ ತಲೆಕೆಳಗಾದ ಪ್ರತಿ ಹರಿಯುವುದರಿಂದ ಗದ್ದಲ ಕಳೆಯುತ್ತದೆ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಪೂರ್ತಿ ಸರಿಯಲ್ಲ. ಎಷ್ಟೋ ಒಳ್ಳೆಯ ಕಂಡೆನ್ಸರ್ ಮೈಕುಗಳು ಎರಡನೇ ಪಿನ್ನಿಗೆ ಮಾತ್ರ ಸಂಕೇತ ಕೊಡುತ್ತವೆ, ಮೂರನೆಯದನ್ನು ಬರಿದೇ ಬಿಡುತ್ತವೆ. ಆದರೂ ಗದ್ದಲ ಅಷ್ಟೇ ಚೆನ್ನಾಗಿ ಕಳೆಯುತ್ತದೆ. ಸಮನಾಗಿರಬೇಕಾದದ್ದು ಎರಡೂ ತಂತಿಗಳು ನೆಲದ ಕಡೆಗೆ ತೋರುವ ವಿದ್ಯುತ್ ಪ್ರತಿರೋಧ. ಅದು ಸಮನಾಗಿದ್ದರಷ್ಟೇ ಗದ್ದಲ ಎರಡರ ಮೇಲೂ ಒಂದೇ ಅಳತೆಯಲ್ಲಿ ಬೀಳುತ್ತದೆ.

ಮೈಕಿಗೆ ವಿದ್ಯುತ್ ಹೋಗುವುದೂ ಇದೇ ಸಮತೆಯನ್ನು ನಂಬಿಕೊಂಡು. ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಬಟನ್ ಒತ್ತಿದರೆ ಎರಡನೇ ಮತ್ತು ಮೂರನೇ ತಂತಿಗಳೆರಡಕ್ಕೂ, ಒಂದೇ ಬೆಲೆಯ ಎರಡು ರೆಸಿಸ್ಟರುಗಳ ಮೂಲಕ, ಒಂದೇ ವೋಲ್ಟೇಜ್ ಹೋಗುತ್ತದೆ. ಆ ರೆಸಿಸ್ಟರುಗಳ ಬೆಲೆ ಸುಮಾರು 6.8 ಕಿಲೋಓಮ್. ವಿದ್ಯುತ್ ಮರಳುವ ದಾರಿ ಶೀಲ್ಡ್. ತಂತಿಗಳೆರಡೂ ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ ಅವುಗಳ ನಡುವೆ ವ್ಯತ್ಯಾಸವಿಲ್ಲ, ಸಂಕೇತಕ್ಕೆ ಇದರ ಅರಿವೇ ಆಗುವುದಿಲ್ಲ. ಫ್ಯಾಂಟಮ್ ಪವರ್ ಎಂಬ ಹೆಸರು ಬಂದದ್ದು ಹೀಗೆ ಕಣ್ಣಿಗೆ ಬೀಳದೆ ಕೆಲಸ ಮಾಡುವುದರಿಂದ. ಜರ್ಮನಿಯ ನಾಯ್ಮನ್ ಕಂಪನಿ 1966ರಲ್ಲಿ ನಾರ್ವೆಯ ಬಾನುಲಿ ಸಂಸ್ಥೆಗಾಗಿ ತನ್ನ ಟ್ರಾನ್ಸಿಸ್ಟರ್ ಮೈಕನ್ನು ಈ ಪದ್ಧತಿಗೆ ಹೊಂದಿಸಿತು. ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. ಆ ಸಂಖ್ಯೆಯೇ ಇಂದಿಗೂ ಉಳಿದಿದೆ.

ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲೇ. ಅಗ್ಗದ ಕಿಟ್ಟುಗಳಲ್ಲಿ ಮೈಕಿನ ಜೊತೆ ಒಂದು ತುದಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ ಮೊಬೈಲಿಗೆ ಹೊಂದುವ 3.5 ಮಿಲಿಮೀಟರ್ ಪಿನ್ ಇರುವ ಕೇಬಲ್ ಬರುತ್ತದೆ. ಮೊಬೈಲ್ ಅಥವಾ ಲ್ಯಾಪ್‌ಟಾಪಿನ ಆ ಜ್ಯಾಕಿನಲ್ಲಿ ಸಿಗುವುದು ಕೆಲವೇ ವೋಲ್ಟ್. ಎಕ್ಸ್‌ಎಲ್‌ಆರ್‌ನಿಂದ ಗಿಟಾರ್ ಪಿನ್ನಿಗೆ ಹೋಗುವ ಕೇಬಲ್ಲೂ ಪ್ರಯೋಜನಕ್ಕಿಲ್ಲ. ಇಂಟರ್‌ಫೇಸಿನ ಜೋಡಿ ಸಾಕೆಟ್ಟಿನಲ್ಲಿ 48 ವೋಲ್ಟ್ ಸಾಮಾನ್ಯವಾಗಿ ಸುತ್ತಲಿನ ಮೂರು ರಂಧ್ರಗಳಿಗೆ ಮಾತ್ರ ಬರುತ್ತದೆ, ನಡುವಿನ ದೊಡ್ಡ ರಂಧ್ರಕ್ಕಲ್ಲ. ಬೇಕಾದದ್ದು ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ಸಾಧಾರಣ ಕೇಬಲ್. ಮನೆಯ ಬಳಕೆಗೆ ಮೂರು ಮೀಟರ್ ಸಾಕು. ಬಂಗಾರದ ಲೇಪಕ್ಕೆ ಹೆಚ್ಚು ಹಣ ತೆರುವುದಕ್ಕಿಂತ ಗಟ್ಟಿಯಾದ ಬೆಸುಗೆಯಿರುವ ಕನೆಕ್ಟರನ್ನು ಆರಿಸುವುದು ಮೇಲು.

ಕೇಬಲ್ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂಬುದನ್ನು ಮೈಕೇ ಹೇಳುತ್ತದೆ. ಡೈನಮಿಕ್ ಮೈಕ್ ಗುಂಯ್ ಎನ್ನುತ್ತಲಾದರೂ ಕೇಳಿಸಿ, ಅದೇ ಕೇಬಲ್ಲಿನಲ್ಲಿ ಕಂಡೆನ್ಸರ್ ಮೈಕ್ ಪೂರ್ತಿ ಮೌನವಾಗಿದ್ದರೆ ಹರಿದಿರುವುದು ಶೀಲ್ಡ್ ಆಗಿರಬಹುದು, ಏಕೆಂದರೆ ವಿದ್ಯುತ್ತಿಗೆ ಮರಳುವ ದಾರಿ ತಪ್ಪಿದೆ. ದನಿ ಕ್ಷೀಣವಾಗಿ, ಗುಂಯ್ ಸದ್ದಿನೊಂದಿಗೆ ಬಂದರೆ ಒಳಗಿನ ಎರಡರಲ್ಲಿ ಒಂದು ತಂತಿ ಕಡಿದಿದೆಯೆಂದು ಶಂಕಿಸಬೇಕು. ಮೈಕನ್ನು ಚುಚ್ಚಿದ ಮೇಲೆ 48 ವೋಲ್ಟ್ ಹಾಕುವುದು, ಕೀಳುವ ಮುನ್ನ ಆರಿಸುವುದು ಸರಿಯಾದ ಕ್ರಮ. ಇಲ್ಲದಿದ್ದರೆ ಹೆಡ್‌ಫೋನಿನಲ್ಲಿ ಕಿವಿಗೆ ಹೊಡೆಯುವಂಥ ಸದ್ದು ಬರುತ್ತದೆ.

ಇನ್ನು ಗೇನ್. ಒಂದು ಲೆಕ್ಕದಿಂದ ಇದು ತಿಳಿಯಾಗುತ್ತದೆ. ಮೈಕಿನ ಪೆಟ್ಟಿಗೆಯ ಮೇಲೆ ಸಂವೇದನೆ ಒಂದು ಪಾಸ್ಕಲಿಗೆ 20 ಮಿಲಿವೋಲ್ಟ್ ಎಂದಿದೆಯೆನ್ನೋಣ. ಅಂದರೆ 94 ಡೆಸಿಬಲ್ ಸದ್ದಿಗೆ 20 ಮಿಲಿವೋಲ್ಟ್. ಸಾಧಾರಣ ಮಾತು ಬಾಯಿಂದ 15 ಸೆಂಟಿಮೀಟರ್ ದೂರದಲ್ಲಿ ಸುಮಾರು 76 ಡೆಸಿಬಲ್ ಇರುತ್ತದೆ. ಆರು ಡೆಸಿಬಲ್ ಇಳಿದಾಗಲೆಲ್ಲ ವೋಲ್ಟೇಜ್ ಅರ್ಧವಾಗುವುದರಿಂದ ಕೈಗೆ ಸಿಗುವುದು 2.5 ಮಿಲಿವೋಲ್ಟ್. ಮಾತಿನ ಚೂಪಾದ ಶಿಖರಗಳು ಇದರ ನಾಲ್ಕರಷ್ಟು, ಅಂದರೆ 10 ಮಿಲಿವೋಲ್ಟ್ ಮುಟ್ಟುತ್ತವೆ. ಇಂಟರ್‌ಫೇಸ್ ಕನಿಷ್ಠ ಗೇನಿನಲ್ಲಿ ತಡೆದುಕೊಳ್ಳುವುದು ಹೆಚ್ಚೆಂದರೆ 2.5 ವೋಲ್ಟ್ ಎಂದಿಟ್ಟುಕೊಂಡರೆ, ಅದರ ಕಾಲು ಭಾಗಕ್ಕೆ ಶಿಖರಗಳನ್ನು ನಿಲ್ಲಿಸುವುದು ಜಾಣತನ. ಪರದೆಯ ಮೀಟರಿನಲ್ಲಿ ಅದು ಸೊನ್ನೆಗಿಂತ 12 ಡೆಸಿಬಲ್ ಕೆಳಗೆ. ಅಲ್ಲಿಗೆ ಮುಟ್ಟಲು ಸಂಕೇತ ಸುಮಾರು 64 ಪಟ್ಟು ಹಿಗ್ಗಬೇಕು, ಅಂದರೆ 36 ಡೆಸಿಬಲ್ ಗೇನ್.

ಅದೇ ವ್ಯಕ್ತಿ ಅಲ್ಲೇ ನಿಂತು ತಾರಸ್ಥಾಯಿಯಲ್ಲಿ ತುಂಬುಕಂಠದಿಂದ ಹಾಡಿದರೆ ಸದ್ದು ಸುಲಭವಾಗಿ 24 ಡೆಸಿಬಲ್ ಏರಬಹುದು. ಶಿಖರಗಳು ಈಗ 160 ಮಿಲಿವೋಲ್ಟ್. ಗೇನ್ 36ರಲ್ಲೇ ಇದ್ದರೆ ಇಂಟರ್‌ಫೇಸಿನ ಮಿತಿ ನಾಲ್ಕು ಪಟ್ಟು ಮೀರುತ್ತದೆ, ಅಲೆಯ ತಲೆ ಕತ್ತರಿಸಿಹೋಗಿ ದನಿ ಕರ್ಕಶವಾಗುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಆಮೇಲೆ ಸಾಫ್ಟ್‌ವೇರಿನ ಫೇಡರ್ ಇಳಿಸಿದರೆ ಕತ್ತರಿಸಿದ ಅಲೆ ಸಣ್ಣದಾಗುತ್ತದೆ, ಮೊದಲಿನ ರೂಪಕ್ಕೆ ಮರಳುವುದಿಲ್ಲ. ಆದ್ದರಿಂದ ಗೇನ್ ಹೊಂದಿಸುವಾಗ ಪಲ್ಲವಿಯ ಮೆಲುದನಿಯನ್ನಲ್ಲ, ಹಾಡಿನ ಅತಿ ಜೋರಾದ ಸಾಲನ್ನು ಹಾಡಿಸಬೇಕು. ಈ ಗಾಯನಕ್ಕೆ 12 ಡೆಸಿಬಲ್ ಗೇನ್ ಸಾಕು.

ಮೀಟರನ್ನು ಸೊನ್ನೆಯ ಹತ್ತಿರಕ್ಕೆ ತಳ್ಳಬೇಕೆಂಬ ಆತುರ ಟೇಪಿನ ಕಾಲದ್ದು. ಅಲ್ಲಿ ಸಂಕೇತ ಕೆಳಗಿದ್ದರೆ ಟೇಪಿನ ಹಿಸ್ ಸದ್ದು ಮೇಲೇಳುತ್ತಿತ್ತು. 24 ಬಿಟ್ ಇಂಟರ್‌ಫೇಸಿನ ಸ್ವಂತ ಗದ್ದಲ ತುಂಬ ಆಳದಲ್ಲಿರುವುದರಿಂದ 12 ಡೆಸಿಬಲ್ ಖಾಲಿ ಬಿಟ್ಟರೂ ನಷ್ಟವಿಲ್ಲ. ಮನೆಯ ರೆಕಾರ್ಡಿಂಗಿನಲ್ಲಿ ಕೇಳಿಸುವ ಗದ್ದಲದ ಬಹುಪಾಲು ಕೋಣೆಯದೇ: ಫ್ಯಾನು, ಫ್ರಿಜ್ಜು, ಬೀದಿಯ ವಾಹನ. ಇವು ಗಾಳಿಯಲ್ಲಿ ಬರುವ ಸದ್ದುಗಳಾದ್ದರಿಂದ ಬ್ಯಾಲೆನ್ಸ್ಡ್ ಕೇಬಲ್ ತಡೆಯಲಾರದು. ಗೇನ್ ಏರಿಸಿದರೆ ದನಿಯೊಂದಿಗೆ ಅವೂ ಅಷ್ಟೇ ಏರುತ್ತವೆ. ಮೈಕಿಗೂ ಬಾಯಿಗೂ ಇರುವ ಅಂತರವನ್ನು 30 ಸೆಂಟಿಮೀಟರಿನಿಂದ 15ಕ್ಕೆ ತಂದರೆ ದನಿ ಮಾತ್ರ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಗೇನನ್ನು ಅಷ್ಟೇ ಇಳಿಸಬಹುದು. ಆಗ ಕೋಣೆಯ ಸದ್ದು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಪ, ಬ ಅಕ್ಷರಗಳ ಗಾಳಿ ಪೊರೆಗೆ ಬಡಿಯತೊಡಗುತ್ತದೆ. ಆ ಹೊತ್ತಿಗೆ ನಡುವೆ ಒಂದು ಪಾಪ್ ಫಿಲ್ಟರ್ ನಿಲ್ಲಿಸಬೇಕಾಗುತ್ತದೆ.