ಚಾಸಿಸ್ ನಂಬರ್ ಕೇಳದ ದಂಡ

2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕರ್ನಾಟಕದಲ್ಲಿ ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ನವೆಂಬರ್‌ನಲ್ಲಿ ಮತ್ತೊಮ್ಮೆ ಅದೇ ಅವಕಾಶ ಬಂತು. ವರ್ಷಗಟ್ಟಲೆ ದಂಡದ ಕಡೆ ತಿರುಗಿಯೂ ನೋಡದವರು ಆಗ ತಮ್ಮ ಗಾಡಿಯ ಮೇಲೆ ಎಷ್ಟಿದೆ ಎಂದು ಹುಡುಕತೊಡಗಿದರು. ಅಂಥ ಹೊತ್ತಿನಲ್ಲಿ ಮೊಬೈಲಿಗೆ ‘ನಿಮ್ಮ ವಾಹನದ ಮೇಲೆ ದಂಡ ಬಾಕಿ ಇದೆ, ಇಂದೇ ಕಟ್ಟದಿದ್ದರೆ ಕೋರ್ಟ್ ನೋಟಿಸ್’ ಎಂಬ ಮೆಸೇಜ್ ಬಂದರೆ ಯಾರಿಗೂ ಅದು ಅನುಮಾನಾಸ್ಪದ ಅನ್ನಿಸುವುದಿಲ್ಲ. ಎಲ್ಲೋ ಒಂದು ಸಿಗ್ನಲ್ ದಾಟಿದ ನೆನಪು ನಮ್ಮಲ್ಲಿ ಬಹುಪಾಲು ಜನರಿಗೆ ಇದ್ದೇ ಇರುತ್ತದೆ. ಹಿಡಿದದ್ದು ಕ್ಯಾಮೆರಾ, ಆ ಕ್ಷಣದಲ್ಲಿ ನಮಗೆ ಗೊತ್ತಾಗಿರಲಿಲ್ಲ ಅಷ್ಟೇ ಎಂದುಕೊಳ್ಳುತ್ತೇವೆ.

ಮೋಸದ ಮೆಸೇಜಿನ ಕೆಳಗೆ ಒಂದು ಲಿಂಕ್ ಇರುತ್ತದೆ. ಅದನ್ನು ಒತ್ತಿದರೆ ಸರ್ಕಾರಿ ಪುಟದಂತೆಯೇ ಲಾಂಛನ, ಬಣ್ಣ, ಹೆಸರು ಹೊತ್ತ ಪುಟ ತೆರೆಯುತ್ತದೆ. ಗಾಡಿ ನಂಬರ್ ಹಾಕಿದ ಕೂಡಲೇ ದಂಡದ ಮೊತ್ತ ಕಾಣಿಸುತ್ತದೆ. ಇಂಥ ಪುಟಗಳನ್ನು ಬಿಡಿಸಿ ನೋಡಿದ ಸೈಬರ್ ಭದ್ರತಾ ಸಂಶೋಧಕರು ಕಂಡುಕೊಂಡ ಸಂಗತಿ ಸ್ವಾರಸ್ಯಕರವಾಗಿದೆ. ಅಲ್ಲಿ ಯಾವ ನಂಬರ್ ಹಾಕಿದರೂ ದಂಡ ಬರುತ್ತದೆ! ಹಿಂದೆ ಯಾವ ದಾಖಲೆಯೂ ಇಲ್ಲ, ಹುಡುಕಾಟವೂ ನಡೆಯುವುದಿಲ್ಲ. ಚಲನ್ ಅಲ್ಲಿಯೇ, ಆ ಗಳಿಗೆಯಲ್ಲೇ ಹುಟ್ಟುತ್ತದೆ. ಮೊತ್ತವೂ ಐನೂರು ಚಿಲ್ಲರೆ ರೂಪಾಯಿ, ಜಗಳಕ್ಕಿಂತ ಕಟ್ಟಿಬಿಡುವುದೇ ವಾಸಿ ಅನ್ನಿಸುವಷ್ಟು. ಕಟ್ಟಲು ಹೋದರೆ ಯುಪಿಐ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ, ಕಾರ್ಡ್ ಒಂದೇ. ಕಾರ್ಡಿನ ನಂಬರ್, ಅವಧಿ, ಹಿಂಬದಿಯ ಮೂರು ಅಂಕಿ ಕೈಗೆ ಸಿಕ್ಕಿದರೆ ಸಾಕು, ಆ ಐನೂರು ಅವರಿಗೆ ಬೇಕಾಗಿಯೇ ಇಲ್ಲ.

ಸಾಚಾ ಪುಟ ಗಾಡಿಯ ಗುರುತನ್ನು ಖಚಿತಪಡಿಸಿಕೊಳ್ಳುತ್ತದೆ, ಮೋಸದ ಪುಟಕ್ಕೆ ಬೇಕಾದದ್ದು ಕಾರ್ಡಿನ ವಿವರ. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದನ್ನು ಅಳೆಯುವುದು ಸುಲಭ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತುಮಕೂರಿನ ಒಬ್ಬ ಶಿಕ್ಷಕಿಗೆ ಸ್ಕೂಟರ್ ಇದೆ. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ ದಂಡ ಎಂದು ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಬಂದಿದೆ. ಸ್ಕೂಟರ್ ನಂಬರ್ ಸರಿಯಾಗಿಯೇ ಇದೆ. ತಮ್ಮನೂ ಆಗಾಗ ಅದನ್ನೇ ಓಡಿಸುವುದರಿಂದ, ಆಗಿರಬಹುದು ಎಂದೇ ಆಕೆಗೆ ಅನ್ನಿಸುತ್ತದೆ. ಆಕೆ ಆ ಲಿಂಕನ್ನು ಮುಟ್ಟದೆ ಬ್ರೌಸರ್ ತೆರೆದು, ಮೇಲಿನ ವಿಳಾಸ ಪಟ್ಟಿಯಲ್ಲಿ ತಾನೇ `echallan.parivahan.gov.in` ಎಂದು ಬರೆಯುತ್ತಾರೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತುವುದೂ ಬೇಡ, ಅಲ್ಲಿ ಮೇಲೆ ಜಾಹೀರಾತುಗಳು ಕೂತಿರುತ್ತವೆ.

ಇದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪುಟ. ದಂಡದ ವಿವರವನ್ನು ಚಲನ್ ನಂಬರ್, ಗಾಡಿ ನಂಬರ್ ಅಥವಾ ಡಿಎಲ್ ನಂಬರ್ ಮೂಲಕ ಇಲ್ಲಿ ನೋಡಬಹುದು. ಗಾಡಿ ನಂಬರ್ ಆರಿಸಿಕೊಂಡರೆ ಅದಷ್ಟೇ ಸಾಲದು. ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರ-ಅಂಕಿಗಳನ್ನೂ ಕೇಳುತ್ತದೆ. ಅವು ಆರ್‌ಸಿ ಕಾರ್ಡಿನ ಮೇಲೆ ಇರುತ್ತವೆ. ನಂಬರ್ ಪ್ಲೇಟನ್ನು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಬಹುದು, ಚಾಸಿಸ್ ನಂಬರ್ ಹಾಗಲ್ಲ. ಆದ್ದರಿಂದ ಮೆಸೇಜಿನಲ್ಲಿ ನಿಮ್ಮ ಗಾಡಿ ನಂಬರ್ ಸರಿಯಾಗಿದೆ ಎಂಬುದು ಯಾವ ಪುರಾವೆಯೂ ಅಲ್ಲ.

ನಿಜವಾದ ಚಲನ್ ಇದ್ದರೆ ಅದರ ನಂಬರ್, ದಿನಾಂಕ, ಜಾಗ, ಮೊತ್ತ ಮತ್ತು ಈಗಿನ ಸ್ಥಿತಿ ಕಾಣಿಸುತ್ತದೆ. ಕ್ಯಾಮೆರಾ ಹಾಕಿದ ದಂಡವಾದರೆ ಫೋಟೊ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ಎಂಬ ನಿಯಮದ ಪ್ರಕಾರ ಎಲೆಕ್ಟ್ರಾನಿಕ್ ಚಲನ್‌ನಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಸ್ಪಷ್ಟ ಚಿತ್ರ, ಸಮಯ, ಸ್ಥಳ, ಯಾವ ಕಲಂ ಮುರಿದದ್ದು ಎಂಬುದು ಇರಲೇಬೇಕು. ಈ ಫೋಟೊ ಇನ್ನೊಂದಕ್ಕೂ ಉಪಯೋಗ. ಶಿಕ್ಷಕಿಯ ಸ್ಕೂಟರ್ ಕಪ್ಪು, ಚಿತ್ರದಲ್ಲಿರುವುದು ಕೆಂಪು ಬೈಕು ಎಂದರೆ ಯಾರೋ ಆಕೆಯ ನಂಬರನ್ನು ತಮ್ಮ ಗಾಡಿಗೆ ಹಾಕಿಕೊಂಡಿದ್ದಾರೆ ಅಥವಾ ಕ್ಯಾಮೆರಾ ಒಂದು ಅಂಕಿಯನ್ನು ತಪ್ಪಾಗಿ ಓದಿದೆ. ಆಗ ದಂಡ ಕಟ್ಟುವುದಲ್ಲ, ಪೋರ್ಟಲ್ ಮೂಲಕವೋ ಆ ಟ್ರಾಫಿಕ್ ಠಾಣೆಯಲ್ಲೋ ತಕರಾರು ಕೊಡುವುದು.

ಅಲ್ಲಿ ಏನೂ ಕಾಣಿಸದಿದ್ದರೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಪೊಲೀಸರ ದಂಡವೆಲ್ಲ ಒಂದೇ ಕಿಟಕಿಯಲ್ಲಿ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಕರ್ನಾಟಕದಲ್ಲಿ ರಿಯಾಯಿತಿಯ ದಿನಗಳಲ್ಲಿ ದಂಡ ಕಟ್ಟಲು ಹೇಳಿದ್ದು ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್, ಬೆಂಗಳೂರು ಸಂಚಾರ ಪೊಲೀಸರ `BTP ASTraM` ಆ್ಯಪ್, ಕರ್ನಾಟಕ ಒನ್ ಮತ್ತು ಬೆಂಗಳೂರು ಒನ್ ಕೇಂದ್ರಗಳು, ಹತ್ತಿರದ ಟ್ರಾಫಿಕ್ ಠಾಣೆ. ಹಾಗಾಗಿ ಕೇಂದ್ರದ ಪುಟದ ಜೊತೆಗೆ ಇವುಗಳಲ್ಲಿ ಒಂದನ್ನೂ ನೋಡಿಬಿಟ್ಟರೆ ನಿಶ್ಚಿಂತೆ. ಬಹಳ ಕಾಲ ಕಟ್ಟದೆ ಬಿಟ್ಟ ಚಲನ್ ಕೆಲವೊಮ್ಮೆ ವರ್ಚುವಲ್ ಕೋರ್ಟಿಗೆ ಹೋಗಿರುತ್ತದೆ. ಆಗ ಅದನ್ನು ಹುಡುಕಿ ಕಟ್ಟಬೇಕಾದ ಜಾಗ `vcourts.gov.in`. ಮೆಸೇಜಿನಲ್ಲಿ ಬರುವ ‘ಕೋರ್ಟ್ ನೋಟಿಸ್’ ನಿಜವೇ ಎಂದು ನೋಡಲೂ ಇದೇ ದಾರಿ. ಮೊಬೈಲ್ ಬಳಸಲು ಹಿಂಜರಿಯುವ ಅಪ್ಪ-ಅಮ್ಮಂದಿರಿಗೆ ಮಾತ್ರ ನಾನು ಕರ್ನಾಟಕ ಒನ್ ಕೌಂಟರನ್ನೇ ಹೇಳುತ್ತೇನೆ, ಕೈಗೆ ರಸೀದಿ ಸಿಗುತ್ತದೆ.

ವಿಳಾಸ ಓದುವ ಬಗೆಯನ್ನೂ ಹೇಳಬೇಕು, ಏಕೆಂದರೆ ‘gov ಅಂತ ಇತ್ತಲ್ಲ’ ಎಂದೇ ಬಹಳ ಜನ ಮೋಸಹೋಗುತ್ತಾರೆ. ಮೊದಲ ಓರೆಗೆರೆ ಬರುವ ತನಕದ ಭಾಗವನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ ಓದಬೇಕು. ಬಲತುದಿಯಲ್ಲಿ `gov.in` ಇರಬೇಕು. ಆ ಹೆಸರನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ, ಬೇರೆಯವರು ಕೊಂಡುಕೊಳ್ಳಲಾಗದು. ತೋರಿಸಲೆಂದು ಕಟ್ಟಿದ ಈ ವಿಳಾಸ ನೋಡಿ: `parivahan.gov.in.fine-pay.example`. ಕಣ್ಣಿಗೆ ಮೊದಲು ಬೀಳುವುದು ಪರಿವಹನ್ ಮತ್ತು ಗವ್. ಆದರೆ ಇದರ ಒಡೆತನ ಬಲತುದಿಯ `fine-pay.example` ಎಂಬುದರದ್ದು, ಎಡಕ್ಕಿರುವುದೆಲ್ಲ ಅವರು ತಮಗೆ ಬೇಕಾದಂತೆ ಅಂಟಿಸಿಕೊಂಡ ಹೆಸರು. ಇನ್ನೊಂದು ಬಗೆಯಲ್ಲಿ `gov` ಅನ್ನೇ ಎಗರಿಸಿಬಿಡುತ್ತಾರೆ; `echallan.parivahan.in` ಎಂಬ ಲಿಂಕಿನ ಮೋಸದ ಮೆಸೇಜುಗಳು 2023ರಲ್ಲಿ ದೇಶದೆಲ್ಲೆಡೆ ಸುದ್ದಿಯಾಗಿದ್ದವು. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬಿ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಈಗ ಅದು ಮೋಸದ ಪುಟಕ್ಕೂ ಪುಕ್ಕಟೆ ಸಿಗುತ್ತದೆ.

ಟೋಲ್ ಕಡೆಯ ಮೆಸೇಜುಗಳ ಧಾಟಿ ಬೇರೆ. ‘ನಿಮ್ಮ ಫಾಸ್ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿದೆ, ಈ ಲಿಂಕಿನಲ್ಲಿ ರೀಚಾರ್ಜ್ ಮಾಡಿ’ ಎಂದೋ, ‘ಕೆವೈಸಿ ಮುಗಿಸಿ’ ಎಂದೋ ಇರುತ್ತದೆ. ಫಾಸ್ಟ್ಯಾಗ್ ಕೊಡುವುದು ಯಾವುದೋ ಒಂದು ಬ್ಯಾಂಕು. ಬಾಕಿ ಮೊತ್ತ, ಕೆವೈಸಿ, ಬ್ಲ್ಯಾಕ್‌ಲಿಸ್ಟ್ ಎಲ್ಲವೂ ಆ ಬ್ಯಾಂಕಿನ ವ್ಯವಹಾರ. ಬ್ಯಾಂಕಿನ ಹೆಸರು ಗಾಜಿಗೆ ಅಂಟಿಸಿದ ಟ್ಯಾಗಿನ ಮೇಲೇ ಇರುತ್ತದೆ. ಆ ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ. ಇಲ್ಲವೇ ನೀವು ದಿನವೂ ಬಳಸುವ ಯುಪಿಐ ಆ್ಯಪ್‌ನಲ್ಲೇ ಫಾಸ್ಟ್ಯಾಗ್ ವಿಭಾಗಕ್ಕೆ ಹೋಗಿ ಬ್ಯಾಂಕನ್ನು ಆರಿಸಿ, ಗಾಡಿ ನಂಬರ್ ಹಾಕಿ. ಹಣ ಕಳಿಸುವ ಮೊದಲು ಮಾಲೀಕರ ಹೆಸರು ಬಂದರೆ ಅದು ನಿಮ್ಮದೇ ಎಂದು ನೋಡಿಕೊಳ್ಳಿ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ ಬಂದ ಮೇಲೆ ಅದರ ಹೆಸರಿನಲ್ಲೂ ನಕಲಿ ಪುಟಗಳು ಹುಟ್ಟಿಕೊಂಡವು. ಶುರುವಿನಲ್ಲಿ ಅದರ ಬೆಲೆ ₹3000, ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವವರೆಗೆ. ಅದನ್ನು ಹೆದ್ದಾರಿ ಪ್ರಾಧಿಕಾರದ ರಾಜ್‌ಮಾರ್ಗ್‌ಯಾತ್ರಾ ಆ್ಯಪ್ ಮತ್ತು ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಮಾತ್ರ ಕೊಳ್ಳಬೇಕು. ‘ಅರ್ಧ ಬೆಲೆಗೆ ವಾರ್ಷಿಕ ಪಾಸ್’ ಎಂಬುದು ಎಲ್ಲಿಯೂ ಇಲ್ಲ.

ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ, ಹಿಂದಿನಿಂದ ಹಾರ್ನ್ ಕೇಳುತ್ತಿರುವಾಗ ಸಿಕ್ಕಿದ ಲಿಂಕನ್ನು ಒತ್ತುವವರು ಇದ್ದಾರೆ. ಟ್ಯಾಗ್ ನಿಜವಾಗಿಯೂ ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿದಿದ್ದರೆ ಆ ಅವಸರ ಇರುವುದಿಲ್ಲ. 2025ರ ನವೆಂಬರ್ 15ರಿಂದ, ಟ್ಯಾಗ್ ಸಿಂಧುವಲ್ಲದ ಗಾಡಿ ಯುಪಿಐ ಮೂಲಕ ಕೊಟ್ಟರೆ ಟೋಲ್‌ನ ಒಂದೂಕಾಲು ಪಟ್ಟು. ₹100ರ ಟೋಲ್‌ಗೆ ಗೇಟಿನಲ್ಲೇ ಯುಪಿಐನಿಂದ ₹125 ಕೊಟ್ಟರೆ ದಾರಿ ಬಿಡುತ್ತಾರೆ. ನಷ್ಟ ಇಪ್ಪತ್ತೈದು ರೂಪಾಯಿ. ಅನುಮಾನವಿದ್ದರೆ ಹೆದ್ದಾರಿ ಸಹಾಯವಾಣಿ 1033 ಇದೆ.

ಲಿಂಕಿಗಿಂತ ಅಪಾಯದ್ದು ಎಪಿಕೆ ಫೈಲು. ‘RTO Challan.apk’ ಎಂಬಂಥ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುತ್ತದೆ, ಕೆಲವೊಮ್ಮೆ ಪರಿಚಯದವರ ನಂಬರಿನಿಂದಲೇ. ಒತ್ತಿದರೆ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್ ಕೂರುತ್ತದೆ. ಎಸ್ಸೆಮ್ಮೆಸ್, ಕಾಂಟ್ಯಾಕ್ಟ್, ಕರೆಗಳಿಗೆ ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು, ಬ್ಯಾಂಕಿನ ಓಟಿಪಿ ನಿಮಗೆ ಬಂದ ಗಳಿಗೆಯಲ್ಲೇ ಅವರಿಗೂ ಹೋಗುತ್ತದೆ. ಐಕಾನ್ ಪರದೆಯಿಂದ ಮಾಯವಾಗುವುದೂ ಉಂಟು, ಆ್ಯಪ್ ಓಡಲಿಲ್ಲವೇನೋ ಎಂದುಕೊಂಡು ನಾವು ಮರೆತುಬಿಡುತ್ತೇವೆ. ಯಾವ ಆರ್‌ಟಿಒ ಕಚೇರಿಯೂ, ಯಾವ ಪೊಲೀಸ್ ಠಾಣೆಯೂ ವಾಟ್ಸ್ಆ್ಯಪ್‌ನಲ್ಲಿ ಆ್ಯಪ್ ಕಳಿಸಿ ದಂಡ ತೋರಿಸುವುದಿಲ್ಲ.

ಮೆಸೇಜ್ ಎಲ್ಲಿಂದ ಬಂತು ಎಂಬುದೂ ಸ್ವಲ್ಪ ಹೇಳುತ್ತದೆ. ಸರ್ಕಾರಿ ಎಸ್ಸೆಮ್ಮೆಸ್‌ನ ಕಳಿಸಿದವರ ಹೆಸರು ಅಕ್ಷರಗಳಲ್ಲಿದ್ದು ಕೊನೆಗೆ `-G` ಇರುತ್ತದೆ, ಟ್ರಾಯ್ 2025ರಲ್ಲಿ ತಂದ ಕ್ರಮ ಅದು. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದ ‘ಸರ್ಕಾರಿ’ ದಂಡವನ್ನು ಅಲ್ಲಿಯೇ ಬಿಟ್ಟುಬಿಡಬಹುದು. ಆದರೆ `-G` ಇದ್ದರೂ ಲಿಂಕ್ ಒತ್ತದೆ, ವಿಳಾಸವನ್ನು ನೀವೇ ಬರೆದು ನೋಡುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ನಿಜವಾದ ಮೆಸೇಜ್ ಬರದೇ ಇರುವ ಸಂದರ್ಭವೂ ಇದೆ. ಆರ್‌ಸಿಯಲ್ಲಿ ಹಳೆಯ ಮೊಬೈಲ್ ನಂಬರ್ ಉಳಿದಿದ್ದರೆ ದಂಡದ ಸುದ್ದಿ ಬೇರೆ ಯಾರಿಗೋ ಹೋಗುತ್ತಿರುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರಲ್ಲಿ ಇದು ಮಾಮೂಲಿ. `vahan.parivahan.gov.in`ನಲ್ಲಿ ನಂಬರ್ ಬದಲಿಸಿಕೊಳ್ಳಬಹುದು.

ಲಿಂಕಿನಲ್ಲಿ ಕಾರ್ಡ್ ವಿವರ ಕೊಟ್ಟಾಗಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಅಥವಾ `cybercrime.gov.in`ನಲ್ಲಿ ದೂರು ಬರೆಯಿರಿ. ಬೇಗ ತಿಳಿಸಿದಷ್ಟೂ, ಹಣ ಇನ್ನೊಂದು ಖಾತೆಯಿಂದ ಹೊರಬೀಳುವ ಮೊದಲೇ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಎಪಿಕೆ ಹಾಕಿಕೊಂಡಿದ್ದರೆ ಆ ಫೋನಿನ ಇಂಟರ್ನೆಟ್ಟನ್ನು ಮೊದಲು ಕಡಿಯಬೇಕು, ಬ್ಯಾಂಕಿಗೆ ಕರೆಯನ್ನು ಬೇರೆ ಫೋನಿನಿಂದ ಮಾಡಬೇಕು, ಪಾಸ್‌ವರ್ಡುಗಳನ್ನು ಬದಲಿಸುವುದೂ ಬೇರೆ ಫೋನಿನಿಂದಲೇ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅಪರಿಚಿತ ಹೆಸರನ್ನು ಹುಡುಕಿ ತೆಗೆಯಬೇಕು, ತೆಗೆಯಲು ಬಿಡದಿದ್ದರೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ಸರಿ. ವಾಟ್ಸ್ಆ್ಯಪ್‌ನ ‘ಲಿಂಕ್ ಆದ ಸಾಧನಗಳು’ ಪಟ್ಟಿಯಲ್ಲಿ ನಿಮ್ಮದಲ್ಲದ್ದು ಇದ್ದರೆ ಅದನ್ನೂ ಹೊರಹಾಕಿ. ಮತ್ತು ನಿಮ್ಮ ಗುಂಪುಗಳಿಗೆ, ನೆಂಟರಿಗೆ ಒಂದು ಮಾತು ತಿಳಿಸಿ: ನನ್ನ ಹೆಸರಿನಲ್ಲಿ ಬಂದ ಚಲನ್ ಫೈಲನ್ನು ತೆರೆಯಬೇಡಿ, ಅದನ್ನು ಕಳಿಸಿದ್ದು ನಾನಲ್ಲ.