ಪಂಪು ಉಳಿಸುವ ಪೆಟ್ಟಿಗೆಯಲ್ಲಿ ಹೊಸದೇನಿದೆ?

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತಾನು ಮಾಡಿದ ಪೆಟ್ಟಿಗೆಗೆ ಪೇಟೆಂಟ್ ಸಿಕ್ಕೀತೇ ಎಂದು ಕೇಳಿಕೊಂಡು ಬಂದಿದ್ದ. ಕೈಯಲ್ಲಿ ಆವಿಷ್ಕಾರದ ವಿವರಪತ್ರ. ಅರ್ಜಿ ಬರೆಯುವ ಪೇಟೆಂಟ್ ಏಜೆಂಟರಿಗೆ ಮೊದಲು ಕೊಡುವ ಕಾಗದ ಅದು.

ಮೊದಲ ಸಾಲು: ‘ರೈತರ ಸಮಸ್ಯೆ ನೀಗಿಸುವ ಸ್ಮಾರ್ಟ್ ಉಪಕರಣ’. ಯಾವ ಸಮಸ್ಯೆ? ಕೊಳವೆಬಾವಿಯಲ್ಲಿ ನೀರು ತಳ ಕಂಡ ಮೇಲೂ ಪಂಪು ಓಡುತ್ತಿದ್ದರೆ ಮೋಟರನ್ನು ತಣ್ಣಗಿಡುವ ನೀರೇ ಇಲ್ಲದೆ ವೈಂಡಿಂಗ್ ಸುಡುತ್ತದೆ. ಬರೆಯಬೇಕಿದ್ದದ್ದು ಇಷ್ಟೇ.

ಈಗಿರುವ ಪರಿಹಾರಗಳ ಜಾಗದಲ್ಲಿ ಅವನು ‘ಇಂಥದ್ದು ಯಾವುದೂ ಇಲ್ಲ’ ಎಂದಿದ್ದ. ಹಾಗೆ ಬರೆದವರನ್ನು ಕಂಡರೆ ನನಗೆ ಹುಡುಕಿಲ್ಲ ಎಂದೇ ಅನುಮಾನ. ಬಾವಿಗೆ ತಂತಿ ಇಳಿಬಿಟ್ಟು ನೀರಿನ ಮಟ್ಟ ನೋಡುವ ಸಾಧನ ಇದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಕೂತು ಕರೆಂಟ್ ಅಳೆಯುವ ರಿಲೇ ಇದೆ. ನೀರಿದ್ದಾಗ 8 ಆಂಪಿಯರ್ ಎಳೆಯುವ ಮೋಟರ್ ನೀರು ಮುಗಿದಾಗ 5ಕ್ಕೆ ಇಳಿದರೆ ರಿಲೇ ಅದನ್ನು ನಿಲ್ಲಿಸಿ, ನಾವು ಗೊತ್ತುಮಾಡಿದಷ್ಟು ಹೊತ್ತಾದ ಮೇಲೆ ಮತ್ತೆ ಚಾಲೂ ಮಾಡುತ್ತದೆ. ಮೊಬೈಲಿನಿಂದ ಪಂಪು ಹಚ್ಚುವುದಂತೂ ಹಳೆಯ ಮಾತು. ಇವನ್ನೆಲ್ಲ ಕಳೆದರೆ ಹುಡುಗನ ಬಳಿ ಉಳಿಯುವುದೇನು?

ಉಳಿದದ್ದು ಮೂರನೇ ಪುಟದ ಕೊನೆಗಿತ್ತು, ಅದೂ ಒಂದೇ ಸಾಲು. ಅವನ ಪೆಟ್ಟಿಗೆ ಪಂಪಿಗೆ ಕೊಡುವ ವಿರಾಮವನ್ನು ತಾನೇ ಬದಲಿಸಿಕೊಳ್ಳುತ್ತದೆ. 2 ಗಂಟೆ ಬಿಟ್ಟು ಹಚ್ಚಿದ ಪಂಪು 15 ನಿಮಿಷಕ್ಕೇ ಒಣಗಿತೆನ್ನಿ, ಬಾವಿಗೆ ನೀರು ಇನ್ನೂ ಊರಿಲ್ಲ ಎಂದರ್ಥ; ಮುಂದಿನ ವಿರಾಮ 3 ಗಂಟೆ. 45 ನಿಮಿಷ ಓಡಿದರೆ ವಿರಾಮ ಕಡಿಮೆಯಾಗುತ್ತದೆ. ಹೊಸತನ ಎಂದು ಹೇಳಿಕೊಳ್ಳಬಹುದಾದದ್ದು ಇದೊಂದೇ. ಇಂಥದ್ದನ್ನೂ ಯಾರಾದರೂ ಮೊದಲೇ ಬರೆದಿಟ್ಟಿದ್ದಾರೆಯೇ ಎಂದು ಹಳೆಯ ಪೇಟೆಂಟ್‌ಗಳಲ್ಲಿ ಹುಡುಕಿ ನೋಡಬೇಕು. ಆಪ್, ಬಣ್ಣದ ಪರದೆ ಎಲ್ಲ ಹಿಂದಕ್ಕೆ ಹೋದವು.

ಕೆಲಸ ಮಾಡುವ ಬಗೆಯನ್ನು ಬರೆಯುವಾಗ ಅವನು ಒಂದು ಸಂಗತಿ ಮುಚ್ಚಿಟ್ಟಿದ್ದ. ತೋಟದಲ್ಲಿ ಯಾರಾದರೂ ಗೇಟ್ ವಾಲ್ವ್ ಮುಚ್ಚಿದರೂ ನೀರು ಹರಿಯದೆ ಕರೆಂಟ್ ಇಳಿಯುತ್ತದೆ. ಪೆಟ್ಟಿಗೆ ಬಾವಿ ಬತ್ತಿತೆಂದು ತಿಳಿದು ವಿರಾಮ ಉದ್ದ ಮಾಡುತ್ತದೆ. ‘ಇದನ್ನ ಬರೆದ್ರೆ ಪೇಟೆಂಟ್ ಕೊಡಲ್ಲ ಅಲ್ವಾ ಸರ್?’ ಎಂದ. ಬರೆಯದಿದ್ದರೇ ತೊಂದರೆ. ಆ ಕೊರತೆ ಗೊತ್ತಾದರೆ ತಾನೇ ಏಜೆಂಟರು ‘ಪೈಪಿನ ಒತ್ತಡವನ್ನೂ ನೋಡುವ ಇನ್ನೊಂದು ರೂಪ’ ಸೇರಿಸಲು ಸಾಧ್ಯ? ಅದೂ ಅಲ್ಲದೆ, ಈ ಕೆಲಸ ಬಲ್ಲ ಇನ್ನೊಬ್ಬ ಓದಿ ಪೆಟ್ಟಿಗೆ ಮಾಡಿಕೊಳ್ಳುವಷ್ಟು ಪೂರ್ತಿಯಾಗಿ, ತನಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೇ ಅರ್ಜಿಯಲ್ಲಿ ಹೇಳಬೇಕು ಎನ್ನುತ್ತದೆ 1970ರ ನಮ್ಮ ಪೇಟೆಂಟ್ ಕಾಯ್ದೆ.

ಏಳುವಾಗ ಅವನು ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. ತೋಟ, ಪಂಪು, ಪೆಟ್ಟಿಗೆಯ ಒಳಗಿನ ಸರ್ಕ್ಯೂಟ್ ಎಲ್ಲ ಸ್ಪಷ್ಟ. ಸಂಜೆ ಯೂಟ್ಯೂಬಿಗೆ ಹಾಕುವವನಿದ್ದ. ಅರ್ಜಿಗೆ ಮುಂಚೆ ಹೀಗೆ ಜಗಜ್ಜಾಹೀರಾದರೆ ಅವನ ವಿಡಿಯೊವೇ ಅವನ ಹೊಸತನಕ್ಕೆ ಎದುರುಸಾಕ್ಷಿ. ಮೊದಲು ತಾತ್ಕಾಲಿಕ ಅರ್ಜಿ ಹಾಕು, ಪೂರ್ಣ ವಿವರ ಕೊಡಲು ಆಮೇಲೆ 12 ತಿಂಗಳು ಇರುತ್ತದೆ ಎಂದೆ. ಫೋನ್ ಜೇಬಿಗಿಟ್ಟುಕೊಂಡು, ಗೇಟ್ ವಾಲ್ವಿನ ಪ್ಯಾರಾ ಎಲ್ಲಿ ಸೇರಿಸಲಿ ಎಂದು ಕೇಳಿದ.